ಬೆಳಗ್ಗೆ ಐದೂವರೆಗೆ ಬದಲಾಗೋ ಗೆರೆಗಳು: ಕ್ರಿಪ್ಟೋ ಇಂಟ್ರಾಡೇಲಿ ಪಿವಟ್ ಪಾಯಿಂಟ್ ಟಾರ್ಗೆಟ್ ಆಗೋದು ಹೇಗೆ

ಬಿಟ್‌ಕಾಯಿನ್ ಟ್ರೇಡ್ ಮಾಡೋರ ಟೆಲಿಗ್ರಾಂ ಗ್ರೂಪಿಗೆ ಹೊಸದಾಗಿ ಸೇರ್ಕೊಂಡೋರು ಮೊದಲ ವಾರದಲ್ಲೇ ಒಂದು ಮೆಸೇಜ್ ನೋಡಿರ್ತಾರೆ, "R1 ಹತ್ರ ಅರ್ಧ ಬುಕ್ ಮಾಡಿ, ಉಳಿದಿದ್ದು ವೀಕ್ಲಿ R1ಗೆ" ಅಂತ. ಬರೆದೋನಿಗೆ ಅದು ದಿನನಿತ್ಯದ ಮಾತು, ಓದಿದೋನಿಗೆ ಮಾತ್ರ ತಲೆಬುಡ ಅರ್ಥ ಆಗಲ್ಲ. R1 ಅಂದ್ರೆ ಏನು, ಅದನ್ನ ಯಾರು ಇಟ್ಟಿದ್ದು, ನಿನ್ನೆ ಒಂದು ನಂಬರ್ ಇತ್ತು ಇವತ್ತು ಬೇರೆ ಯಾಕಾಯ್ತು, ಪಕ್ಕದೋನ ಚಾರ್ಟಲ್ಲಿ ಇರೋ R1ಗೂ ನನ್ನ ಚಾರ್ಟಲ್ಲಿರೋ R1ಗೂ 400 ಡಾಲರ್ ವ್ಯತ್ಯಾಸ ಯಾಕೆ? ಈ ಲೇಖನ ಇಷ್ಟಕ್ಕೇ ಸಂಬಂಧಪಟ್ಟಿದ್ದು. ಯಾವ ಕಾಯಿನ್ ತಗೋಬೇಕು, ತಗೋಬೇಕೋ ಬೇಡ್ವೋ ಅನ್ನೋ ವಿಷಯಕ್ಕೆ ನಾನು ಹೋಗಲ್ಲ.

## ಟೊಮೆಟೊ ಮಂಡಿಯಿಂದ ಶುರು ಮಾಡೋಣ

ಕೋಲಾರದ ಎಪಿಎಂಸಿ ಯಾರ್ಡಲ್ಲಿ ಟೊಮೆಟೊ ಹರಾಜು ನೋಡಿದೀರಾ? ಅಲ್ಲಿ 15 ಕೆಜಿ ಬಾಕ್ಸ್ ಲೆಕ್ಕ. ನಿನ್ನೆ ಒಂದು ಬಾಕ್ಸ್ ಜಾಸ್ತಿ ಅಂದ್ರೆ 500ಕ್ಕೆ ಹೋಯ್ತು, ಕಮ್ಮಿ ಅಂದ್ರೆ 350ಕ್ಕೆ ಇಳೀತು, ಕೊನೆ ಲಾಟ್ 440ಕ್ಕೆ ಮುಗೀತು ಅಂತ ಇಟ್ಕೊಳಿ (ಲೆಕ್ಕಕ್ಕೆ ನಾನೇ ಹಾಕಿರೋ ನಂಬರು). ಇವತ್ತು ಬೆಳಗ್ಗೆ ಬರೋ ವ್ಯಾಪಾರಿ ತಲೇಲಿ ಈ ಮೂರು ರೇಟೂ ಇರುತ್ತೆ. 430ರ ಹತ್ರ ಶುರು ಆದ್ರೆ "ನಿನ್ನೆ ಥರಾನೇ ಇದೆ" ಅಂತಾನೆ. 510 ಆದ್ರೆ "ಅಯ್ಯೋ ಜಾಸ್ತಿ ಆಯ್ತು, ಸ್ವಲ್ಪ ತಡಿ" ಅಂತಾನೆ. ಅದೇ 510ರಲ್ಲಿ ರೈತ "ಒಳ್ಳೆ ರೇಟು, ಕೊಟ್ಟುಬಿಡೋಣ" ಅಂತಾನೆ.

ಪಿವಟ್ ಪಾಯಿಂಟ್ ಅಂದ್ರೆ ಇದೇ ಅಂದಾಜನ್ನ ಒಂದು ಸೂತ್ರಕ್ಕೆ ಕಟ್ಟಿಹಾಕಿರೋದು. ನಿನ್ನೆಯ ಜಾಸ್ತಿ ರೇಟು, ಕಮ್ಮಿ ರೇಟು, ಕೊನೆ ರೇಟು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ರೆ ಬರೋದು ಪಿವಟ್, ಚಾರ್ಟಲ್ಲಿ P ಅಂತ ಕಾಣುತ್ತೆ. ಮೇಲಿನ ಟೊಮೆಟೊ ಲೆಕ್ಕದಲ್ಲಿ 500 + 350 + 440 = 1290, ಮೂರರಿಂದ ಭಾಗಿಸಿದ್ರೆ 430. P ಮೇಲೆ ಬರೋ ಗೆರೆಗಳು R1, R2, R3. ಇಲ್ಲಿ R ಅಂದ್ರೆ ರೆಸಿಸ್ಟೆನ್ಸ್, ಬೆಲೆ ಏರೋಕೆ ತಡೆ ಸಿಗಬಹುದಾದ ಜಾಗ. ಕೆಳಗೆ ಬರೋವು S1, S2, S3, S ಅಂದ್ರೆ ಸಪೋರ್ಟ್, ಇಳೀತಿರೋ ಬೆಲೆಗೆ ಆಸರೆ ಸಿಗಬಹುದಾದ ಜಾಗ.

ಇದು ಕಂಪ್ಯೂಟರ್ ಕಾಲದ ಸಂಶೋಧನೆ ಏನಲ್ಲ. ಅಮೆರಿಕದ ಕಮಾಡಿಟಿ ಎಕ್ಸ್‌ಚೇಂಜುಗಳಲ್ಲಿ ಜನ ನಿಂತ್ಕೊಂಡು ಕೂಗಿ ವ್ಯಾಪಾರ ಮಾಡ್ತಿದ್ದ ಕಾಲದಲ್ಲಿ, ಅಲ್ಲಿನ ಫ್ಲೋರ್ ಟ್ರೇಡರ್‌ಗಳು ಬೆಳಗ್ಗೆ ಒಂದು ಚೀಟೀಲಿ ಲೆಕ್ಕ ಹಾಕಿ ಜೇಬಲ್ಲಿಟ್ಟುಕೊಳ್ತಿದ್ರು, ಯಾಕಂದ್ರೆ ಗಲಾಟೆ ಮಧ್ಯೆ ಚಾರ್ಟ್ ನೋಡೋಕೆ ಪುರುಸೊತ್ತು ಇರ್ತಿರಲಿಲ್ಲ. ಸೂತ್ರ ಇಷ್ಟು ಸುಲಭ ಇರೋದಕ್ಕೆ ಅದೇ ಕಾರಣ.

## ಸೂತ್ರ, ಮತ್ತೆ ಅದರ ಒಳಗಿರೋ ಕನ್ನಡಿ

ಪಿವಟ್‌ನಲ್ಲಿ ಫಿಬೊನಾಚಿ, ಕ್ಯಾಮರಿಲ್ಲಾ, ವುಡಿ ಅಂತ ಹಲವು ತಳಿ ಇವೆ, ನಮ್ಮ ನಿಫ್ಟಿ ಟ್ರೇಡರ್‌ಗಳಿಗಂತೂ ಸೆಂಟ್ರಲ್ ಪಿವಟ್ ರೇಂಜ್ ಅನ್ನೋ ಸಿಪಿಆರ್ ಅಂದ್ರೆ ಪ್ರಾಣ. ಎಲ್ಲದಕ್ಕೂ ಅಡಿಪಾಯ ಕ್ಲಾಸಿಕ್ ಸೂತ್ರದ ಯೋಚನೆಯೇ, ಹಾಗಾಗಿ ಅದೊಂದನ್ನೇ ಸರಿಯಾಗಿ ನೋಡೋಣ. H ಅಂದ್ರೆ ನಿನ್ನೆಯ ಹೈ, L ಅಂದ್ರೆ ಲೋ, C ಅಂದ್ರೆ ಕ್ಲೋಸ್.

```
P  = (H + L + C) / 3
R1 = 2*P - L
S1 = 2*P - H
R2 = P + (H - L)
S2 = P - (H - L)
```

R1 ಸೂತ್ರ ಬಾಯಿಪಾಠ ಮಾಡೋದಕ್ಕಿಂತ ಅದು ಏನು ಹೇಳ್ತಿದೆ ಅಂತ ನೋಡಿ. 2*P - L ಅಂದ್ರೆ P + (P - L). ಅಂದ್ರೆ ನಿನ್ನೆಯ ಲೋ ಪಿವಟ್‌ನಿಂದ ಎಷ್ಟು ಕೆಳಗಿತ್ತೋ ಅಷ್ಟೇ ದೂರ ಮೇಲಕ್ಕೆ ಅಳೆದು ಗೆರೆ ಎಳೆದಿದ್ದಾರೆ. P ಅನ್ನೋದು ನೆಲದ ಮೇಲಿಟ್ಟ ಕನ್ನಡಿ ಅಂದ್ಕೊಂಡ್ರೆ, R1 ಅನ್ನೋದು ನಿನ್ನೆಯ ಲೋನ ಪ್ರತಿಬಿಂಬ, S1 ನಿನ್ನೆಯ ಹೈನ ಪ್ರತಿಬಿಂಬ. R2 ಮತ್ತೆ S2 ಇನ್ನೂ ಸುಲಭ, ನಿನ್ನೆ ಇಡೀ ದಿನ ಬೆಲೆ ಎಷ್ಟು ಓಡಾಡ್ತೋ ಆ ಪೂರ್ತಿ ಅಳತೇನ P ಮೇಲೆ ಒಂದ್ಸಲ, ಕೆಳಗೆ ಒಂದ್ಸಲ ಇಡೋದು. R3, S3 ಅದಕ್ಕೂ ಆಚೆ ಇರೋವು, ಅವನ್ನ ಮುಟ್ಟೋದು ಅಪರೂಪ, ಸದ್ಯಕ್ಕೆ ಬಿಟ್ಟುಬಿಡಿ.

ಇದರಿಂದ ಒಂದು ವಿಷಯ ಗೊತ್ತಾಗುತ್ತೆ. ಈ ಗೆರೆಗಳಲ್ಲಿ ಮುಂದೆ ಆಗೋದರ ಬಗ್ಗೆ ಯಾವ ಮಾಹಿತಿಯೂ ಇಲ್ಲ, ಇರೋದೆಲ್ಲ ನಿನ್ನೆಯ ಮೂರು ನಂಬರ್ ಅಷ್ಟೇ. "ನಿನ್ನೆ ಇಷ್ಟು ಓಡಾಡಿತ್ತು, ಇವತ್ತೂ ಹೆಚ್ಚುಕಮ್ಮಿ ಅಷ್ಟೇ ಓಡಾಡಿದ್ರೆ ಇಲ್ಲಿಗೆ ಬಂದು ಸುಸ್ತಾಗಬಹುದು" ಅನ್ನೋ ಅಂದಾಜು ಅದು. ಇನ್ನೊಂದು ಕಾರಣಾನೂ ಇದೆ: ಎಲ್ಲರಿಗೂ ಒಂದೇ ಸೂತ್ರ, ಒಂದೇ ಉತ್ತರ. ಸಾವಿರಾರು ಜನರ ಸ್ಕ್ರೀನಲ್ಲಿ ಅದೇ ಗೆರೆ ಕಾಣ್ತಿದ್ರೆ, ಅದರಲ್ಲಿ ಒಂದಷ್ಟು ಜನ ಅಲ್ಲೇ ಲಾಭ ತಗೊಳ್ಳೋಕೆ ಸೆಲ್ ಆರ್ಡರ್ ಇಟ್ಟಿದ್ರೆ, ಬೆಲೆ ಅಲ್ಲಿಗೆ ಬಂದಾಗ ಸ್ವಲ್ಪ ತಡವರಿಸೋದು ಸಹಜ. ಗೆರೆಗೆ ಶಕ್ತಿ ಬರೋದು ಜನ ಅದನ್ನ ನೋಡೋದ್ರಿಂದ. ಟ್ರೆಂಡ್‌ಲೈನ್ ಆದ್ರೆ ಒಬ್ಬೊಬ್ಬ ಒಂದೊಂದು ಥರ ಎಳೀತಾನೆ, ಪಿವಟ್‌ನಲ್ಲಿ ಆ ಜಗಳ ಇಲ್ಲ. ಇಲ್ಲ ಅಂತ ಹೇಳ್ತಾರೆ, ಆದ್ರೆ ಕ್ರಿಪ್ಟೋದಲ್ಲಿ ಇದೆ.

## ನಿದ್ದೆನೇ ಮಾಡದ ಮಾರ್ಕೆಟ್‌ಗೆ "ನಿನ್ನೆ" ಅಂದ್ರೆ ಯಾವುದು?

ನಿಫ್ಟಿ ಸಂಜೆ ಮೂರೂವರೆಗೆ ಬಾಗಿಲು ಹಾಕುತ್ತೆ, ಹಾಗಾಗಿ ಅಲ್ಲಿ ಕ್ಲೋಸ್ ಅಂದ್ರೆ ಕ್ಲೋಸ್. ಬಿಟ್‌ಕಾಯಿನ್‌ಗೆ ಶನಿವಾರ ಇಲ್ಲ, ಭಾನುವಾರ ಇಲ್ಲ, ಯುಗಾದಿ ದೀಪಾವಳಿ ಇಲ್ಲ. ಅದಕ್ಕೆ ಕ್ಲೋಸ್ ಅನ್ನೋದೇ ಇಲ್ಲ, ಎಲ್ಲೋ ಒಂದು ಕಡೆ ನಾವೇ ಕತ್ತರಿ ಹಾಕಬೇಕು. ಬಹುತೇಕ ಎಕ್ಸ್‌ಚೇಂಜುಗಳು, ಚಾರ್ಟ್ ಸೈಟುಗಳು ಕತ್ತರಿ ಹಾಕೋದು ಯುಟಿಸಿ ಮಧ್ಯರಾತ್ರಿಗೆ, ಅಂದ್ರೆ ನಮ್ಮ ಟೈಮಲ್ಲಿ ಬೆಳಗ್ಗೆ 5:30ಕ್ಕೆ. ಡೈಲಿ ಪಿವಟ್ ಹೊಸದಾಗೋದು ಆಗಲೇ. ವೀಕ್ಲಿ ಪಿವಟ್ ಹೊಸದಾಗೋದು ಸೋಮವಾರ ಬೆಳಗ್ಗೆ 5:30ಕ್ಕೆ.

ಆದ್ರೆ ಕೆಲವು ಎಕ್ಸ್‌ಚೇಂಜ್ ಚಾರ್ಟುಗಳಲ್ಲಿ ಹಾಂಕಾಂಗ್ ಟೈಮ್ ಪ್ರಕಾರ ದಿನ ಬದಲಾಗುತ್ತೆ, ಅದು ನಮಗೆ ರಾತ್ರಿ 9:30. ಇನ್ನು ನಮ್ಮಲ್ಲಿ ಕೆಲವರು ಎಕ್ಸೆಲ್‌ನಲ್ಲಿ ತಾವೇ ಲೆಕ್ಕ ಹಾಕೋರು ಭಾರತದ ಮಧ್ಯರಾತ್ರಿ 12ಕ್ಕೆ ದಿನ ಮುಗಿಸ್ತಾರೆ. ಇದರಿಂದ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಒಂದು ಉದಾಹರಣೆ ನೋಡಿ. ಇಲ್ಲಿಂದ ಮುಂದೆ ಬರೋ ಬೆಲೆಗಳೆಲ್ಲ ಲೆಕ್ಕ ಸುಲಭ ಆಗ್ಲಿ ಅಂತ ನಾನು ಹಾಕಿರೋವು, ಯಾವುದೇ ತಾರೀಖಿನ ನಿಜ ಬೆಲೆ ಅಲ್ಲ.

ಮಂಗಳವಾರ ಬಿಟ್‌ಕಾಯಿನ್ ಹೈ 61,800 ಡಾಲರ್. ರಾತ್ರಿ 12ಕ್ಕೆ ಬೆಲೆ 60,900, ಅಲ್ಲೀತನಕ ಲೋ 60,600. ನಾವೆಲ್ಲ ಮಲಗಿದ ಮೇಲೆ ಮೂರು ಗಂಟೆ ಹೊತ್ತಿಗೆ ಒಂದು ಜೋರು ಇಳಿತ, 60,000 ಮುಟ್ಟಿ ವಾಪಸ್ ಎದ್ದು 5:30ಕ್ಕೆ 61,200ಕ್ಕೆ ನಿಲ್ತು. ಯುಟಿಸಿ ಲೆಕ್ಕದಲ್ಲಿ ಈ ಇಳಿತಾನೂ ಮಂಗಳವಾರಕ್ಕೇ ಸೇರುತ್ತೆ: ಹೈ 61,800, ಲೋ 60,000, ಕ್ಲೋಸ್ 61,200. P 61,000, R1 62,000, S1 60,200. ಮಧ್ಯರಾತ್ರಿಗೆ ಕತ್ತರಿ ಹಾಕಿದೋನಿಗೆ ಲೋ 60,600, ಕ್ಲೋಸ್ 60,900, ಹಾಗಾಗಿ P 61,100, R1 61,600. ಇಬ್ಬರ R1 ಮಧ್ಯೆ 400 ಡಾಲರ್! ಇಬ್ಬರದ್ದೂ ಸೂತ್ರ ಸರಿ, ಇಬ್ಬರದ್ದೂ ಲೆಕ್ಕ ಸರಿ, ಆದ್ರೆ ಎರಡನೆಯವನು ನೋಡ್ತಿರೋ ಗೆರೆ ಇನ್ಯಾರ ಸ್ಕ್ರೀನಲ್ಲೂ ಇಲ್ಲ. ಜನ ನೋಡೋದ್ರಿಂದಲೇ ಗೆರೆಗೆ ಶಕ್ತಿ ಅಂದ್ವಲ್ಲ, ಆ ಲೆಕ್ಕದಲ್ಲಿ ಯುಟಿಸಿ ಗೆರೇನೇ ಹಿಡಿಯೋದು ಒಳ್ಳೇದು. ಅಂದಹಾಗೆ ಚಾರ್ಟ್‌ನ ಟೈಮ್‌ಝೋನನ್ನ ಕೋಲ್ಕತಾ ಅಂತ ಬದಲಾಯಿಸಿದ್ರೆ ಕೆಳಗೆ ತೋರಿಸೋ ಗಂಟೆ ಬದಲಾಗುತ್ತೆ ಹೊರತು ಟ್ರೇಡಿಂಗ್‌ವ್ಯೂನಂಥ ಕಡೆ ಡೈಲಿ ಕ್ಯಾಂಡಲ್ ಕತ್ತರಿಸೋ ಜಾಗ ಬದಲಾಗಲ್ಲ, ಅದಕ್ಕೆ ಭಯ ಬೇಡ.

ಟ್ರೇಡಿಂಗ್‌ವ್ಯೂನಲ್ಲಿ ಇನ್ನೊಂದು ಎಡವಟ್ಟು ಆಗುತ್ತೆ, ಇದರಲ್ಲಿ ಬೀಳದೇ ಇರೋರು ಕಮ್ಮಿ. ಅಲ್ಲಿ `Pivot Points Standard` ಅನ್ನೋ ಇಂಡಿಕೇಟರ್ ಹಾಕಿದ್ರೆ ಟೈಮ್‌ಫ್ರೇಮ್ `Auto` ಅಂತ ಇರುತ್ತೆ. 15 ನಿಮಿಷದ ಚಾರ್ಟ್ ಅಥವಾ ಅದಕ್ಕಿಂತ ಚಿಕ್ಕದರಲ್ಲಿ ಅದು ಡೈಲಿ ಪಿವಟ್ ತೋರಿಸುತ್ತೆ, ಒಂದು ಗಂಟೆ ಚಾರ್ಟ್‌ಗೆ ಹೋದ ತಕ್ಷಣ ಸದ್ದಿಲ್ಲದೇ ವೀಕ್ಲಿ ಪಿವಟ್‌ಗೆ ಬದಲಾಗುತ್ತೆ, ಡೈಲಿ ಚಾರ್ಟ್‌ಗೆ ಹೋದ್ರೆ ಮಂತ್ಲಿ. ಹೆಸರು ಮಾತ್ರ ಮೂರರಲ್ಲೂ R1 ಅಂತಲೇ ಇರುತ್ತೆ. ಒಬ್ಬ ಸ್ನೇಹಿತ ಒಂದು ಗಂಟೆ ಚಾರ್ಟಲ್ಲಿ R1 ನೋಡಿ, ಅದು ಇವತ್ತಿನ ಟಾರ್ಗೆಟ್ ಅಂದ್ಕೊಂಡು ಎರಡು ದಿನ ಕಾದ, ಆಮೇಲೆ ನೋಡಿದ್ರೆ ಅದು ವಾರದ ಗೆರೆ. ಅದಕ್ಕೆ ಇಂಡಿಕೇಟರನ್ನ ಎರಡು ಸಲ ಹಾಕಿ, ಸೆಟ್ಟಿಂಗ್‌ನಲ್ಲಿ ಒಂದಕ್ಕೆ `Daily`, ಇನ್ನೊಂದಕ್ಕೆ `Weekly` ಅಂತ ಫಿಕ್ಸ್ ಮಾಡಿ ಬಣ್ಣ ಬೇರೆ ಕೊಟ್ಟುಬಿಡಿ.

## ವೀಕ್ಲಿ ಗೆರೆ ಯಾಕೆ ಬೇಕು?

ಇಂಟ್ರಾಡೇ ಮಾಡೋನಿಗೆ ವಾರದ ಗೆರೆ ಯಾಕೆ ಅಂತ ಅನ್ನಿಸೋದು ಸಹಜ. ಡೈಲಿ ಪಿವಟ್ ಅಂದ್ರೆ ನಿಮ್ಮ ಬೀದಿಯ ಹಂಪುಗಳಿದ್ದ ಹಾಗೆ, ಗಾಡಿ ನಿಧಾನ ಆಗುತ್ತೆ, ದಾಟಿ ಹೋಗುತ್ತೆ. ವೀಕ್ಲಿ ಅಂದ್ರೆ ರೈಲ್ವೆ ಗೇಟ್, ಸಿಗೋದು ಕಮ್ಮಿ, ಸಿಕ್ಕಿದ್ರೆ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತೆ. ಏಳು ದಿನದ ಹೈ, ಲೋ ಸೇರಿರೋದ್ರಿಂದ ವೀಕ್ಲಿ ಗೆರೆಗಳು ದೂರ ದೂರ ಇರ್ತವೆ, ಸೋಮವಾರದಿಂದ ಭಾನುವಾರದ ತನಕ ಅಲ್ಲಾಡಲ್ಲ, ಮತ್ತೆ ನಾಲ್ಕೈದು ದಿನ ಪೊಸಿಷನ್ ಇಟ್ಕೊಳ್ಳೋ ಜನಾನೂ ಅವನ್ನ ನೋಡ್ತಿರ್ತಾರೆ.

ಬಳಸೋ ಕ್ರಮ ಸಾಮಾನ್ಯವಾಗಿ ಹೀಗಿರುತ್ತೆ. ಬೆಲೆ ವೀಕ್ಲಿ P ಮೇಲಿದ್ರೆ ಈ ವಾರ ಕೊಳ್ಳೋರ ಕೈ ಮೇಲು ಅಂತ ತಗೊಂಡು ಏರಿಕೆ ಕಡೆಯ ಟ್ರೇಡ್‌ಗಳನ್ನ ಜಾಸ್ತಿ ಹುಡುಕ್ತಾರೆ, ಕೆಳಗಿದ್ರೆ ಉಲ್ಟಾ. ಆಮೇಲೆ ಡೈಲಿ ಟಾರ್ಗೆಟ್ ಹಾಕೋವಾಗ ದಾರಿ ಮಧ್ಯೆ ವೀಕ್ಲಿ ಗೆರೆ ಅಡ್ಡ ಬರುತ್ತಾ ಅಂತ ನೋಡ್ತಾರೆ. ಡೈಲಿ R2 ಹತ್ರಾನೇ ವೀಕ್ಲಿ R1ನೂ ಇದ್ರೆ ಆ ಜಾಗ ದಪ್ಪ ಗೋಡೆ ಅಂತ ಲೆಕ್ಕ, ಅಲ್ಲಿಗೆ ಬರೋ ಮುಂಚೆನೇ ಆಚೆ ಬರೋ ಯೋಚನೆ ಮಾಡ್ತಾರೆ.

ಕ್ರಿಪ್ಟೋಗೇ ಅಂಟಿಕೊಂಡಿರೋ ಇನ್ನೊಂದು ಕಾರಣ ಇದೆ. ಶೇರು ಮಾರ್ಕೆಟಲ್ಲಿ ಸೋಮವಾರದ ಪಿವಟ್ ಬರೋದು ಶುಕ್ರವಾರದ ಭರ್ಜರಿ ವ್ಯಾಪಾರದಿಂದ. ಕ್ರಿಪ್ಟೋದಲ್ಲಿ ಸೋಮವಾರದ ಡೈಲಿ ಪಿವಟ್ ಬರೋದು ಭಾನುವಾರದಿಂದ. ಭಾನುವಾರ ದೊಡ್ಡ ಸಂಸ್ಥೆಗಳು ರಜೆ, ಅಮೆರಿಕದ ಶೇರು ಮಾರ್ಕೆಟ್ ರಜೆ, ಬೆಲೆ ಎಷ್ಟೋ ಸಲ ಒಂದೇ ಕಡೆ ಆಕಳಿಸ್ಕೊಂಡು ಕೂತಿರುತ್ತೆ. ಆ ಚಿಕ್ಕ ಅಳತೇಲಿ ಸೋಮವಾರದ ಗೆರೆ ಎಳೆದ್ರೆ R1, R2, R3 ಎಲ್ಲ ಒಂದರ ಬೆನ್ನಿಗೆ ಒಂದು ಅಂಟ್ಕೊಂಡು ನಿಲ್ತವೆ. ಸೋಮವಾರ ಸಂಜೆ ಅಮೆರಿಕ ಎದ್ದು ಕೂತಾಗ (ಅಲ್ಲಿ ಶೇರು ಮಾರ್ಕೆಟ್ ತೆರೆಯೋದು ನಮ್ಮ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ) ಬೆಲೆ ಆ ಮೂರು ಗೆರೇನೂ ಪಾನಿಪುರಿ ಥರ ಒಂದೇ ಏಟಿಗೆ ನುಂಗಿ ಹೋಗಬಹುದು. ಹಾಗಾಗಿ ಸೋಮವಾರ ಡೈಲಿಗಿಂತ ವೀಕ್ಲಿ ಗೆರೆ ಮೇಲೆ ಭಾರ ಹಾಕೋದು ನನಗಂತೂ ಸರಿ ಅನ್ಸುತ್ತೆ.

## ಒಂದು ಬುಧವಾರ, ಒಂದು ಟ್ರೇಡ್

ಮೇಲಿನ ಮಂಗಳವಾರದ ನಂಬರನ್ನೇ ತಗೊಂಡು ಬುಧವಾರಕ್ಕೆ ಬರೋಣ. ಡೈಲಿ P 61,000, R1 62,000, R2 62,800, ಕೆಳಗೆ S1 60,200. ಹೋದ ವಾರದ ಹೈ 62,600, ಲೋ 57,500, ಕ್ಲೋಸ್ 60,200 ಅಂತ ಇಟ್ಕೊಳಿ. ಆಗ ವೀಕ್ಲಿ P 60,100, ವೀಕ್ಲಿ R1 62,700. ಬೆಳಗ್ಗೆ ಬೆಲೆ 61,200, ಅಂದ್ರೆ ಎರಡೂ P ಮೇಲಿದೆ. ಮೇಲೆ 62,000ದಲ್ಲಿ ಡೈಲಿ R1, ಅದಾದ್ಮೇಲೆ 62,700ರಿಂದ 62,800ರ ಮಧ್ಯೆ ವೀಕ್ಲಿ R1, ಡೈಲಿ R2 ಎರಡೂ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ.

ನಮ್ಮ ಟ್ರೇಡರ್ ಬೆಳಗ್ಗೆನೇ ನುಗ್ಗಲ್ಲ. ಬೆಲೆ P ಹತ್ರ ಇಳಿದು ಬರ್ಲಿ ಅಂತ ಕಾಯ್ತಾನೆ. ಹತ್ತೂವರೆ ಸುಮಾರಿಗೆ 61,050ಕ್ಕೆ ಬಂತು, 15 ನಿಮಿಷದ ಎರಡು ಕ್ಯಾಂಡಲ್ P ಕೆಳಗೆ ಕ್ಲೋಸ್ ಆಗದೇ ಮೇಲೆದ್ವು. ಅವನು 61,150ಕ್ಕೆ 0.1 ಬಿಟ್‌ಕಾಯಿನ್ ಫ್ಯೂಚರ್ಸ್ ಕೊಂಡ. ಸ್ಟಾಪ್‌ಲಾಸ್ 60,750ಕ್ಕೆ. ಸರಿಯಾಗಿ P ಮೇಲೇ ಸ್ಟಾಪ್ ಇಡಲ್ಲ ಯಾಕಂದ್ರೆ ಬೆಲೆ ಗೆರೇನ ಸ್ವಲ್ಪ ತುಳಿದು ವಾಪಸ್ ಬರೋದು ಕ್ರಿಪ್ಟೋದಲ್ಲಿ ದಿನಾ ನಡೆಯೋ ಕಥೆ, ಅದಕ್ಕೆ 250 ಡಾಲರ್ ಜಾಗ ಬಿಟ್ಟಿದ್ದಾನೆ. ಹೋದ್ರೆ ಹೋಗೋದು ಬಿಟ್‌ಕಾಯಿನ್‌ಗೆ 400 ಡಾಲರ್, ಅವನ 0.1ಕ್ಕೆ 40 ಡಾಲರ್.

ಈಗ ಟಾರ್ಗೆಟ್. R1 ಇರೋದು 62,000ದಲ್ಲಿ, ಅವನು ಆರ್ಡರ್ ಇಟ್ಟಿದ್ದು 61,950ರಲ್ಲಿ. ಎಲ್ಲರೂ 62,000ಕ್ಕೇ ಸೆಲ್ ಇಟ್ಟಿರ್ತಾರೆ, ಅದೂ ಅಲ್ದೆ ರೌಂಡ್ ನಂಬರ್ ಬೇರೆ, ಬೆಲೆ 61,970 ತನಕ ಬಂದು ತಿರುಗಿದ್ರೆ ಕ್ಯೂನಲ್ಲಿ ಕೊನೆಗೆ ನಿಂತೋನಿಗೆ ಬಸ್ ಸಿಗಲ್ಲ. ಅಲ್ಲಿ ಅರ್ಧ ಮಾರೋದು, ಬಿಟ್‌ಕಾಯಿನ್‌ಗೆ 800 ಡಾಲರ್ ಲಾಭ, ಅಂದ್ರೆ ಇಟ್ಟಿರೋ 400ರ ರಿಸ್ಕ್‌ಗೆ ಎರಡರಷ್ಟು. ಉಳಿದ ಅರ್ಧಕ್ಕೆ ಟಾರ್ಗೆಟ್ 62,650, ಅಂದ್ರೆ ಆ ದಪ್ಪ ಗೋಡೆಗಿಂತ 50 ಡಾಲರ್ ಮುಂಚೆ. ಮೊದಲ ಅರ್ಧ ಮಾರಾಟ ಆದ ತಕ್ಷಣ ಉಳಿದದ್ದರ ಸ್ಟಾಪನ್ನ 61,220ಕ್ಕೆ ಎತ್ತಿ ಇಡ್ತಾನೆ, ಕೊಂಡ ಬೆಲೆ ಜೊತೆ ಫೀ ಕೂಡ ಸೇರಿಸಿ.

ಗಮನಿಸಿ, ಇಲ್ಲಿ ಪಿವಟ್ ಅವನಿಗೆ "ಕೊಂಡ್ಕೋ" ಅಂತ ಹೇಳಲೇ ಇಲ್ಲ. ಅದು ಮಾಡಿದ ಕೆಲಸ ಅಂದ್ರೆ ಎಲ್ಲಿ ಆಚೆ ಬರ್ಬೇಕು ಅನ್ನೋದನ್ನ ದುಡ್ಡು ಹಾಕೋ ಮುಂಚೆನೇ ನಂಬರ್ ರೂಪದಲ್ಲಿ ಕೊಟ್ಟಿದ್ದು. ಇದರ ಉಪಯೋಗ ಗೊತ್ತಾಗ್ಬೇಕಂದ್ರೆ ಅದೇ ಟ್ರೇಡನ್ನ 61,750ಕ್ಕೆ ಕೊಂಡಿದ್ರೆ ಅಂತ ಯೋಚ್ನೆ ಮಾಡಿ. R1ಗೆ ಉಳಿದಿರೋದು 250 ಡಾಲರ್, ಸ್ಟಾಪ್ ಅದೇ 60,750 ಆದ್ರೆ ರಿಸ್ಕ್ 1,000. ಚಾರ್ಟಲ್ಲಿ ಹಸಿರು ಕ್ಯಾಂಡಲ್ ನೋಡಿದಾಗ ಕೈ ತುರಿಸುತ್ತೆ, ಈ ಎರಡು ನಂಬರ್ ಪಕ್ಕಪಕ್ಕ ಬರೆದಾಗ ತುರಿಕೆ ನಿಲ್ಲುತ್ತೆ.

ಸಂಜೆ ಏನಾಯ್ತು? ಏಳೂವರೆ ಹೊತ್ತಿಗೆ ಬೆಲೆ 62,100 ಮುಟ್ಟಿತು, ಮೊದಲ ಅರ್ಧ 61,950ಕ್ಕೆ ಹೋಯ್ತು. ಅಲ್ಲಿಂದ ಮುಂದೆ ಹತ್ತಲಿಲ್ಲ, ರಾತ್ರಿ ಹೊತ್ತಿಗೆ ಇಳಿದು 61,220ಕ್ಕೆ ಉಳಿದ ಅರ್ಧದ ಸ್ಟಾಪ್ ಹೊಡೀತು. ಮೊದಲ ಅರ್ಧದಲ್ಲಿ 40 ಡಾಲರ್, ಎರಡನೇ ಅರ್ಧದಲ್ಲಿ ಮೂರೂವರೆ. ಇದು ತುಂಬಾ ಸಾಮಾನ್ಯವಾದ ಫಲಿತಾಂಶ, ಸ್ಕ್ರೀನ್‌ಶಾಟ್ ಹಾಕೋರು ತೋರಿಸೋದು ಮಾತ್ರ ಎರಡೂ ಟಾರ್ಗೆಟ್ ಹೊಡೆದ ದಿನಗಳನ್ನ.

## ಆ 43 ಡಾಲರಲ್ಲಿ ಕೈಗೆ ಎಷ್ಟು?

ಫೀ ಒಂದು ಕಡೆಗೆ 0.05% ಅಂತ ಹಿಡಿದ್ರೆ, 61,150ರ ಮೇಲೆ ಕೊಳ್ಳೋವಾಗ ಬಿಟ್‌ಕಾಯಿನ್‌ಗೆ ಸುಮಾರು 31 ಡಾಲರ್, ಮಾರೋವಾಗ ಇನ್ನೊಂದು 31. ಒಟ್ಟು 62, ಅವನ 0.1ಕ್ಕೆ ಆರು ಡಾಲರ್ ಚಿಲ್ಲರೆ. ಕೈಗೆ ಬಂದಿದ್ದು 37 ಡಾಲರ್ ಸುಮಾರು. ಸ್ಟಾಪ್ ಹೊಡೆದಿದ್ರೆ 40ರ ಬದಲು 46 ಹೋಗ್ತಿತ್ತು. ಮೊದಲ ಟಾರ್ಗೆಟ್‌ನ "ಎರಡರಷ್ಟು" ಅನ್ನೋ ಲೆಕ್ಕ ಫೀ ಸೇರಿಸಿದ್ರೆ 460ಕ್ಕೆ 740, ಅಂದ್ರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಟಾರ್ಗೆಟ್ ಹತ್ರ ಇದ್ದಷ್ಟೂ ಫೀ ತಿನ್ನೋ ಪಾಲು ದೊಡ್ಡದಾಗುತ್ತೆ. ಭಾನುವಾರದ ಚಿಕ್ಕ ರೇಂಜಿಂದ ಬಂದ R1 ಬರೀ 200 ಡಾಲರ್ ದೂರದಲ್ಲಿದ್ರೆ ಅದರಲ್ಲಿ 62 ಫೀಗೇ ಹೋಯ್ತು, ಆ ಟ್ರೇಡ್ ಮಾಡೋದಕ್ಕಿಂತ ಟೀ ಕುಡಿಯೋದು ಲಾಭ.

ಭಾರತದಲ್ಲಿ ಸ್ಪಾಟ್‌ನಲ್ಲಿ ಮಾಡೋರಿಗೆ ಇನ್ನೂ ದೊಡ್ಡ ತೊಡಕಿದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ 30% ತೆರಿಗೆ ಇದೆ, ಒಂದು ಟ್ರೇಡಿನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಬೇರೆ. ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. 61,150ರಿಂದ 61,950 ಅಂದ್ರೆ ಬರೀ 1.3% ಚಲನೆ. ಅದರಲ್ಲಿ 1% ಟಿಡಿಎಸ್‌ಗೆ ಹೋಗಿ ಕೂರುತ್ತೆ, ಆಮೇಲೆ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ ನಿಜ, ಆದ್ರೆ ದಿನಾ ಒಂದು ಸಲ ಪೂರ್ತಿ ಬಂಡವಾಳ ಮಾರಿದ್ರೆ 20 ದಿನದಲ್ಲಿ ಬಂಡವಾಳದ ಹೆಚ್ಚುಕಮ್ಮಿ ಐದನೇ ಒಂದು ಭಾಗ ಅಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ. ಡೈಲಿ R1 ಟಾರ್ಗೆಟ್ ಇಟ್ಕೊಂಡು ಸ್ಪಾಟ್‌ನಲ್ಲಿ ಇಂಟ್ರಾಡೇ ಮಾಡೋದು ಇಲ್ಲಿ ಲೆಕ್ಕಕ್ಕೆ ಕೂರಲ್ಲ ಅನ್ನೋದು ಇದಕ್ಕೇ. ಫ್ಯೂಚರ್ಸ್ ತೆರಿಗೆ ವಿಷಯ ನಿಮ್ಮ ಸಿಎ ಹತ್ರ ಕೇಳ್ಕೊಂಡೇ ಮುಂದುವರೀರಿ.

ಫ್ಯೂಚರ್ಸ್ ಅಂದ ತಕ್ಷಣ ಲೆವರೇಜ್ ಬರುತ್ತೆ. ನಮ್ಮ ಬುಧವಾರದವನ ಹತ್ರ 5,000 ಡಾಲರ್ ಇದ್ರೆ 46 ಡಾಲರ್ ನಷ್ಟ ಅಂದ್ರೆ 1%ಗಿಂತ ಕಮ್ಮಿ, ಆರಾಮಾಗಿ ನಿದ್ದೆ ಬರುತ್ತೆ. ಅದೇ ಪೊಸಿಷನ್‌ಗೆ ಬರೀ 61 ಡಾಲರ್ ಇಟ್ಟು 100 ಪಟ್ಟು ಲೆವರೇಜ್ ತಗೊಂಡೋನಿಗೆ ಬೆಲೆ ಸ್ಟಾಪ್ ತನಕ ಇಳಿಯೋ ಮುಂಚೆನೇ ಎಕ್ಸ್‌ಚೇಂಜೇ ಲಿಕ್ವಿಡೇಟ್ ಮಾಡಿಬಿಡೋ ಸಾಧ್ಯತೆ ಜಾಸ್ತಿ. ಗೆರೆ ಸರಿಯಿತ್ತು, ಬೆಲೆ ಅಲ್ಲಿಂದಲೇ ಎದ್ದಿತು, ಆದ್ರೆ ಅಷ್ಟೊತ್ತಿಗೆ ಅವನು ಆಟದಲ್ಲೇ ಇರಲ್ಲ.

## ಗೆರೆ ಕೈಕೊಡೋ ದಿನ ಗುರುತಿಸೋದು ಹೇಗೆ?

ಪಿವಟ್ ಕೈಕೊಡೋದು ಮುಖ್ಯವಾಗಿ ನಿನ್ನೆಯ ದಿನ ವಿಚಿತ್ರವಾಗಿದ್ದಾಗ. ನಿನ್ನೆ ಬೆಲೆ 6,000 ಡಾಲರ್ ಕುಸಿದಿದ್ರೆ ಇವತ್ತಿನ R1, S1 ಎಲ್ಲೋ ದೂರದ ಊರಲ್ಲಿರ್ತವೆ, ಸುಸ್ತಾದ ಮಾರ್ಕೆಟ್ ಅಲ್ಲೀತನಕ ಹೋಗೋದೇ ಇಲ್ಲ, R1ಗೆ ಕಾದು ಕೂತೋನು ಕೈಯಲ್ಲಿದ್ದ ಲಾಭಾನೂ ಕಳ್ಕೋತಾನೆ. ನಿನ್ನೆ ಬರೀ 500 ಡಾಲರ್ ಓಡಾಡಿದ್ರೆ ಅದರ ಉಲ್ಟಾ. ಇದನ್ನ ಬೆಳಗ್ಗೆನೇ ಪರೀಕ್ಷೆ ಮಾಡಬಹುದು: ನಿನ್ನೆಯ ಹೈ-ಲೋ ವ್ಯತ್ಯಾಸನ ಕಳೆದ 14 ದಿನದ ಸರಾಸರಿ ಜೊತೆ ಹೋಲಿಸಿ ನೋಡಿ. ಸರಾಸರಿ 1,700 ಇದ್ದು ನಿನ್ನೇದು 1,800 ಆದ್ರೆ ಗೆರೆಗಳು ಸಹಜ ಅಂತರದಲ್ಲಿವೆ. ಸರಾಸರಿಯ ಅರ್ಧಕ್ಕಿಂತ ಕಮ್ಮಿ ಅಥವಾ ಎರಡರಷ್ಟಕ್ಕಿಂತ ಜಾಸ್ತಿ ಇದ್ರೆ ನಾನಂತೂ ಆ ದಿನ ಡೈಲಿ ಗೆರೇನ ಟಾರ್ಗೆಟ್‌ಗೆ ಬಳಸಲ್ಲ, ವೀಕ್ಲಿ ಮಾತ್ರ ನೋಡ್ತೀನಿ. ಅರ್ಧ, ಎರಡರಷ್ಟು ಅನ್ನೋದು ನನ್ನ ಅಂದಾಜು, ಶಾಸ್ತ್ರ ಏನಲ್ಲ.

ಇನ್ನೊಂದು, ಸುದ್ದಿ ಬರೋ ದಿನ. ಅಮೆರಿಕದ ಹಣದುಬ್ಬರದ ಅಂಕಿ ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಬರುತ್ತೆ. ಆ ಐದು ನಿಮಿಷ ಯಾವ ಗೆರೆಗೂ ಬೆಲೆ ಮರ್ಯಾದೆ ಕೊಡಲ್ಲ. ಬೆಲೆ ಒಂದು ಗೆರೆ ಹತ್ರ ಬಂದಾಗ ಅಲ್ಲಿ ತಡೆ ಇದೆಯೋ ಇಲ್ವೋ ಅಂತ ತಿಳ್ಕೊಳ್ಳೋಕೆ ಜನ ನೋಡೋದು ಕ್ಯಾಂಡಲ್ ಎಲ್ಲಿ ಕ್ಲೋಸ್ ಆಯ್ತು ಅಂತ. R1 ಮೇಲೆ ಬರೀ ಬಾಲ ಚಾಚಿ ಕೆಳಗೇ ಕ್ಲೋಸ್ ಆದ್ರೆ ತಡೆ ಕೆಲಸ ಮಾಡ್ತಿದೆ. 15 ನಿಮಿಷದ ಎರಡು ಮೂರು ಕ್ಯಾಂಡಲ್ ಜೋರು ವಾಲ್ಯೂಮ್ ಜೊತೆ R1 ಮೇಲೇ ಕ್ಲೋಸ್ ಆಗಿ, ವಾಪಸ್ ಬಂದಾಗಲೂ ಅದೇ ಗೆರೆ ಮೇಲೆ ನಿಂತ್ರೆ ಆ R1 ಈಗ ಆಸರೆ ಆಗಿದೆ ಅಂತ ತಗೊಂಡು R2 ಕಡೆ ನೋಡ್ತಾರೆ.

ಮೂರನೇದು ನೀವು ಯಾವ ಚಾರ್ಟ್ ಬಳಸ್ತೀರ ಅನ್ನೋದು. ವ್ಯಾಪಾರ ಕಮ್ಮಿ ಇರೋ ಎಕ್ಸ್‌ಚೇಂಜಿನ ರೂಪಾಯಿ ಜೋಡಿಯಲ್ಲಿ ಒಬ್ಬನ ದೊಡ್ಡ ಆರ್ಡರ್ ಒಂದೇ ಸೆಕೆಂಡು ಬೆಲೇನ ಎಲ್ಲಿಗೋ ಎಳೆದು ಉದ್ದ ಬಾಲ ಬಿಡಬಹುದು, ಆ ಬಾಲದ ತುದೀನೇ ನಿನ್ನೆಯ ಲೋ ಅಂತ ಸೂತ್ರಕ್ಕೆ ಹೋಗುತ್ತೆ, R1 ಸುಳ್ಳಾಗುತ್ತೆ. ಕನ್ನಡಿ ನೆನಪಿದೆಯಲ್ಲ, ಲೋ 300 ಡಾಲರ್ ಕೆಳಗೆ ಹೋದ್ರೆ P 100 ಇಳಿಯುತ್ತೆ, R1 ಮಾತ್ರ 100 ಮೇಲೆ ಹೋಗುತ್ತೆ. ಸೂತ್ರದಲ್ಲಿ ಹಾಕಿ ನೋಡಿ, ಹಾಗೇ ಬರುತ್ತೆ. ಅದಕ್ಕೆ ಟ್ರೇಡ್ ಎಲ್ಲೇ ಮಾಡಿದ್ರೂ ಗೆರೇನ `BTCUSDT` ಥರದ ಜಾಸ್ತಿ ವ್ಯಾಪಾರ ಇರೋ ಜೋಡಿಯಿಂದ ತಗೊಳ್ತಾರೆ.

ನಿಮ್ಮ ಕಾಯಿನ್‌ಗೆ ಇದೆಲ್ಲ ಒಪ್ಪುತ್ತಾ ಅಂತ ನೋಡೋಕೆ ಯಾರ ಮಾತೂ ಬೇಡ. ಕಳೆದ 60 ದಿನದ ಹೈ, ಲೋ, ಕ್ಲೋಸ್ ಇಳಿಸ್ಕೊಂಡು ಶೀಟಲ್ಲಿ ಹಾಕಿ, ಮೇಲಿನ ಐದು ಸಾಲಿನ ಸೂತ್ರ ಬರೆದು, ಎಷ್ಟು ದಿನ ಬೆಲೆ R1 ಅಥವಾ S1 ಮುಟ್ಟಿತು, ಅದರಲ್ಲಿ ಎಷ್ಟು ದಿನ R2, S2 ತನಕ ಹೋಯ್ತು ಅಂತ ಎಣಿಸಿ. ಅರ್ಧ ಗಂಟೆ ಕೆಲಸ. ಸೋಮವಾರಗಳನ್ನ ಬೇರೆ ಎಣಿಸಿ.

## ಗುರುವಾರ ಬೆಳಗ್ಗೆ 5:30

ನಮ್ಮ ಟ್ರೇಡರ್‌ನ ಬುಧವಾರ ಮುಗೀತು. ಹೈ 62,100, ಅವನ ಸ್ಟಾಪ್ ಹೊಡೆದ ಮೇಲೆ ಇನ್ನೂ ಇಳಿದು ಲೋ 60,900, ಕ್ಲೋಸ್ 61,350. ಹೊಸ ಲೆಕ್ಕ ಹಾಕಿದ್ರೆ P 61,450. R1 ಎಷ್ಟು ಗೊತ್ತಾ, ಮತ್ತೆ ಅದೇ 62,000. ಆದ್ರೆ ನಿನ್ನೆ ಬೆಳಗ್ಗೆ ಬೆಲೆ P ಮೇಲಿತ್ತು, ಇವತ್ತು 100 ಡಾಲರ್ ಕೆಳಗಿದೆ. ನಿನ್ನೆ ಆಸರೆಯಾಗಿದ್ದ ನಡುಗೆರೆ ಇವತ್ತು ತಲೆ ಮೇಲೆ ಬಂದು ಕೂತಿದೆ, ಕೆಳಗೆ 60,800ರಲ್ಲಿ S1 ಕಾಯ್ತಿದೆ, ವೀಕ್ಲಿ ಗೆರೆಗಳು ಮಾತ್ರ ಸೋಮವಾರ ಎಲ್ಲಿದ್ವೋ ಅಲ್ಲೇ ಇವೆ. 62,000ಕ್ಕೆ ಹೋಗ್ಬೇಕಂದ್ರೆ ಮೊದಲು 61,450 ದಾಟಬೇಕು, ಹಾಗಾಗಿ ಅವನು ನಿನ್ನೆಯ ಆರ್ಡರನ್ನೇ ಮತ್ತೆ ಹಾಕದೇ, 15 ನಿಮಿಷದ ಕ್ಯಾಂಡಲ್ ಅದರ ಮೇಲೆ ಕ್ಲೋಸ್ ಆದ್ರೆ ಮೊಬೈಲ್ ಬಡ್ಕೊಳ್ಳೋ ಹಾಗೆ ಅಲರ್ಟ್ ಇಟ್ಟು ತಿಂಡಿಗೆ ಎದ್ದ.